ಬೋಪಣ್ಣ ದ್ರೋಹಿಯೇ? ‘ಚಿಕವೀರ ರಾಜೇಂದ್ರ’ ಓದುವಾಗ ಎದ್ದ ಒಂದು ಪ್ರಶ್ನೆ

ಇವತ್ತಿನ ಮಾತು ಹುಟ್ಟಿದ್ದು ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ. ದೊಡ್ಡ ಮಕ್ಕಳ ಗುಂಪಿಗೆ ನಾನು ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಚಿಕವೀರ ರಾಜೇಂದ್ರ’ ಕಾದಂಬರಿಯ ಕಥೆಯನ್ನು ವಾರಕ್ಕೆ ಸ್ವಲ್ಪ ಸ್ವಲ್ಪವಾಗಿ ಹೇಳುತ್ತಿದ್ದೆ. ಕೊಡಗಿನ ಕೊನೆಯ ರಾಜನ ಕಥೆ ಅದು. ಆ ರಾಜ ತೀರಿಕೊಂಡದ್ದು ಮಡಿಕೇರಿಯಲ್ಲಲ್ಲ, ಇಲ್ಲೇ ಲಂಡನ್ನಿನಲ್ಲಿ, 1859ರಲ್ಲಿ. ಅವನ ಸಮಾಧಿ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿದೆ. ಇದನ್ನು ಕೇಳಿದಾಗ ಮಕ್ಕಳ ಕಿವಿ ನೆಟ್ಟಗಾಯಿತು. ಕನ್ನಡದ ಕಥೆಯೊಂದು ತಾವು ದಿನವೂ ಓಡಾಡುವ ಊರಿಗೇ ಬಂದು ಮುಗಿಯುತ್ತದೆ ಎಂದರೆ ಯಾರಿಗೆ ಕುತೂಹಲವಾಗುವುದಿಲ್ಲ!

ಕಥೆ ದಿವಾನ ಬೋಪಣ್ಣನ ಹತ್ತಿರ ಬಂದ ದಿನ ಒಬ್ಬ ಹುಡುಗ ಸುಮ್ಮನೆ ಕೂತುಬಿಟ್ಟ. ಅವನ ತಾಯಿಯ ಕಡೆಯವರು ಕೊಡವರು. ಎಲ್ಲರೂ ಹೋದ ಮೇಲೆ ಮೆಲ್ಲಗೆ ಕೇಳಿದ: “ಆಂಟಿ, ಬೋಪಣ್ಣ ದೇಶದ್ರೋಹಿನಾ? ನಮ್ಮ ತಾತನ ಹತ್ತಿರ ಕೇಳಿದ್ರೆ ಬೈತಾರೆ. ಕಥೆ ಬರೆದವರು ನಿಜ ಬರೆದಿದ್ದಾರಾ, ಇಲ್ಲ ಅವರಿಗೆ ಬೇಕಾದ್ದು ಬರೆದಿದ್ದಾರಾ?”

ನಾನು ಕನ್ನಡ ಎಂ.ಎ. ಓದುವಾಗ ಐತಿಹಾಸಿಕ ಕಾದಂಬರಿಯ ಬಗ್ಗೆ ಪರೀಕ್ಷೆಗೆ ಬೇಕಾದಷ್ಟು ಬರೆದಿದ್ದೆ. ಆದರೂ ಈ ಹುಡುಗನಿಗೆ ಆ ದಿನ ಸರಿಯಾದ ಉತ್ತರ ಕೊಡಲಾಗಲಿಲ್ಲ. ಮನೆಗೆ ಬಂದು ಕಾದಂಬರಿಯನ್ನು ಮತ್ತೆ ಓದಿದೆ, ಕೊಡಗಿನ ಚರಿತ್ರೆಯನ್ನೂ ಪಕ್ಕದಲ್ಲಿ ಇಟ್ಟುಕೊಂಡೆ. ಅವನಿಗೆ ಹೇಳಬೇಕೆಂದುಕೊಂಡದ್ದನ್ನೇ ಇವತ್ತು ನಿಮಗೂ ಹೇಳುತ್ತೇನೆ.

ಮೊದಲು ನಡೆದದ್ದೇನು ಎಂದು ನೋಡೋಣ. ಕೊಡಗನ್ನು ಸುಮಾರು ಇನ್ನೂರು ವರ್ಷ ಆಳಿದ್ದು ಹಾಲೇರಿ ವಂಶ. ರಾಜರು ಲಿಂಗಾಯತರು, ನಾಡಿನಲ್ಲಿ ಬಲವಾಗಿದ್ದವರು ಕೊಡವರು. ಈ ವಂಶದ ದೊಡ್ಡವೀರರಾಜೇಂದ್ರ ಟಿಪ್ಪುವಿನ ವಿರುದ್ಧ ಈಸ್ಟ್ ಇಂಡಿಯಾ ಕಂಪನಿಯ ಸ್ನೇಹ ಬೆಳೆಸಿದ. ಅವನ ನಂತರ ಸಿಂಹಾಸನ ಅವನ ಮಗಳ ಪಾಲಾಗಬೇಕಿತ್ತು, ಆದರೆ ತಮ್ಮ ಲಿಂಗರಾಜ ಅದನ್ನು ತಾನೇ ಹಿಡಿದ. ಲಿಂಗರಾಜ 1820ರಲ್ಲಿ ತೀರಿಕೊಂಡಾಗ ಪಟ್ಟಕ್ಕೆ ಬಂದವನೇ ಅವನ ಮಗ ಚಿಕ್ಕವೀರರಾಜೇಂದ್ರ. ಆಗ ಅವನಿಗೆ ಇನ್ನೂ ಚಿಕ್ಕ ವಯಸ್ಸು.

ಈ ರಾಜ ತನ್ನ ಬಂಧುಗಳಲ್ಲಿ ಅನೇಕರನ್ನು ಕೊಲ್ಲಿಸಿದ. 1832ರಲ್ಲಿ ಅವನ ತಂಗಿ ದೇವಮ್ಮಾಜಿ ಮತ್ತು ಅವಳ ಗಂಡ ಚೆನ್ನಬಸಪ್ಪ ಕೊಡಗಿನಿಂದ ತಪ್ಪಿಸಿಕೊಂಡು ಮೈಸೂರು ಸೀಮೆಗೆ ಬಂದು ಕಂಪನಿಯ ಆಶ್ರಯ ಕೇಳಿದರು. ಅವರನ್ನು ಹಿಂದಕ್ಕೆ ಕಳಿಸಿ ಎಂದು ರಾಜ ಕೇಳಿದ, ಕಂಪನಿ ಒಪ್ಪಲಿಲ್ಲ. ಮಲಬಾರಿನಿಂದ ಮಾತುಕತೆಗೆ ಬಂದ ಕರುಣಾಕರ ಮೆನನ್ ಎಂಬ ಕಂಪನಿಯ ನೌಕರನನ್ನು ರಾಜ ಹಿಡಿದಿಟ್ಟುಕೊಂಡ. 1834ರ ಏಪ್ರಿಲಿನಲ್ಲಿ ಕಂಪನಿಯ ದಂಡುಗಳು ಬೇರೆ ಬೇರೆ ದಿಕ್ಕಿನಿಂದ ಕೊಡಗಿಗೆ ನುಗ್ಗಿದವು. ಉತ್ತರದ ಕಡೆಯಿಂದ ಬಂದ ದಂಡು ಕೊಡಗಿನವರ ಕಾವಲಿನ ಎದುರು ಸೈನಿಕರನ್ನು ಕಳೆದುಕೊಂಡು ಹಿಮ್ಮೆಟ್ಟಿತು. ಆದರೆ ಇನ್ನೊಂದು ಕಡೆ ದಿವಾನ ಬೋಪಣ್ಣ ಕಂಪನಿಯವರಿಗೆ ಎದುರಾಗದೆ ಅವರ ಜೊತೆ ಸೇರಿದ. ಫ್ರೇಜರ್ ಎಂಬ ಅಧಿಕಾರಿಯ ದಂಡು ಕಾದಾಟವಿಲ್ಲದೆ ಮಡಿಕೇರಿ ಕೋಟೆ ಸೇರಿತು. ನಾಲ್ಕುನಾಡು ಅರಮನೆಗೆ ಹೋಗಿದ್ದ ರಾಜ ಶರಣಾದ. ಮೇ 7ರಂದು ಕೊಡಗು ಕಂಪನಿಗೆ ಸೇರಿತೆಂದು ಘೋಷಣೆಯಾಯಿತು.

ರಾಜನನ್ನು ಕಾಶಿಗೆ ಕಳಿಸಿದರು. ಸುಮಾರು ಹದಿನೆಂಟು ವರ್ಷಗಳ ನಂತರ, 1852ರಲ್ಲಿ, ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಬಂದ. ತಮ್ಮ ಮನೆತನದ ಹಣ ಕಂಪನಿಯಲ್ಲಿ ಉಳಿದಿದೆ, ಅದನ್ನು ಕೊಡಿ ಎಂದು ಇಲ್ಲಿಯ ನ್ಯಾಯಾಲಯದಲ್ಲಿ ಕಂಪನಿಯ ಮೇಲೇ ದಾವೆ ಹೂಡಿದ. ಗೌರಮ್ಮನಿಗೆ ಕ್ರೈಸ್ತ ದೀಕ್ಷೆಯಾಯಿತು, ವಿಕ್ಟೋರಿಯಾ ರಾಣಿ ಅವಳ ಧರ್ಮಮಾತೆಯಾದಳು. ವಿಂಟರ್‌ಹಾಲ್ಟರ್ ಎಂಬ ಚಿತ್ರಕಾರ ಬರೆದ ಅವಳ ಭಾವಚಿತ್ರ ಇಂದಿಗೂ ಅರಮನೆಯ ಸಂಗ್ರಹದಲ್ಲಿದೆ.

ಇಷ್ಟು ಚರಿತ್ರೆ. ಈಗ ಕಾದಂಬರಿಗೆ ಬರೋಣ.

ಮಾಸ್ತಿಯವರು ‘ಚಿಕವೀರ ರಾಜೇಂದ್ರ’ವನ್ನು ಪ್ರಕಟಿಸಿದ್ದು 1956ರಲ್ಲಿ. ಇದೇ ಕಾದಂಬರಿಗಾಗಿ 1983ರ ಜ್ಞಾನಪೀಠ ಪ್ರಶಸ್ತಿ ಬಂತು. 1956 ಎಂದರೆ ದೇಶ ಸ್ವತಂತ್ರವಾಗಿ ಇನ್ನೂ ಒಂಬತ್ತು ವರ್ಷ. ಬ್ರಿಟಿಷರು ರಾಜ್ಯ ಕಿತ್ತುಕೊಂಡ ಕನ್ನಡ ನಾಡಿನ ರಾಜನೊಬ್ಬನ ಕಥೆ ಬರೆಯಲು ಕುಳಿತವರ ಮುಂದೆ ಒಂದು ಸುಲಭದ ದಾರಿ ಇತ್ತು. ರಾಜನನ್ನು ವೀರನನ್ನಾಗಿ ಮಾಡುವುದು, ಕಂಪನಿಯನ್ನು ರಾಕ್ಷಸನನ್ನಾಗಿ ಮಾಡುವುದು, ನಡುವೆ ಒಬ್ಬ ದ್ರೋಹಿಯನ್ನು ನಿಲ್ಲಿಸುವುದು. ಓದುಗರು ಚಪ್ಪಾಳೆ ತಟ್ಟುತ್ತಿದ್ದರು. ಉತ್ತರದ ಗಡಿಯಲ್ಲಿ ಕಂಪನಿಯ ದಂಡು ಹಿಮ್ಮೆಟ್ಟಿದ್ದು ನಿಜವೇ ಆಗಿರುವುದರಿಂದ ವೀರರಸಕ್ಕೂ ಕೊರತೆಯಾಗುತ್ತಿರಲಿಲ್ಲ.

ಮಾಸ್ತಿ ಹಾಗೆ ಮಾಡಲಿಲ್ಲ. ಅವರ ಚಿಕವೀರ ಕುಡುಕ, ಕ್ರೂರಿ, ಯಾರ ಮಾತನ್ನೂ ಕೇಳದವನು. ಕಾದಂಬರಿ ಓದುತ್ತಾ ಹೋದಂತೆ ಅವನ ಮೇಲೆ ಕನಿಕರ ಬರುತ್ತದೆ, ಆದರೆ ಅವನು ಮಾಡಿದ್ದು ಸರಿ ಎಂದು ಒಂದು ಕಡೆಯೂ ಅನ್ನಿಸುವುದಿಲ್ಲ. ಹಾಗೆಂದು ಕಂಪನಿಯವರು ಧರ್ಮರಾಯರೂ ಅಲ್ಲ. ಮರದ ಕೆಳಗೆ ಕೂತು ಹಣ್ಣು ತಾನಾಗಿ ಬೀಳಲಿ ಎಂದು ಕಾಯುವವರ ತಾಳ್ಮೆ ಅವರದ್ದು.

ಐತಿಹಾಸಿಕ ಕಾದಂಬರಿಯನ್ನು ಓದುವಾಗ ನಾನು ಮೊದಲು ನೋಡುವುದು ಇದನ್ನೇ. ಚರಿತ್ರೆಯಲ್ಲಿ ಕೆಲವು ಗೂಟಗಳಿವೆ, ಅವು ನೆಲದಲ್ಲಿ ಭದ್ರವಾಗಿ ಹೂತಿವೆ. ಬಂಧುಗಳ ಕೊಲೆ ಒಂದು ಗೂಟ. 1832ರ ಪಲಾಯನ ಇನ್ನೊಂದು. ಬೋಪಣ್ಣ ಕಂಪನಿಯ ಕಡೆ ಹೋದದ್ದು, ರಾಜ ಶರಣಾದದ್ದು, ಇವೂ ಗೂಟಗಳೇ. ಕಾದಂಬರಿಕಾರ ತನ್ನ ಹಗ್ಗವನ್ನು ಇವುಗಳ ನಡುವೆ ಹೇಗೆ ಬೇಕಾದರೂ ಕಟ್ಟಬಹುದು, ಆದರೆ ಗೂಟವನ್ನೇ ಕಿತ್ತು ತನಗೆ ಬೇಕಾದ ಕಡೆ ನೆಡಬಾರದು. ಅವನು ಗೂಟ ಕೀಳುವುದು ಸಾಮಾನ್ಯವಾಗಿ ತನ್ನ ಕಾಲದ ಜನಕ್ಕೆ ಇಷ್ಟವಾಗುವ ಮಾತನ್ನು ಹೇಳುವುದಕ್ಕೆ. ಆಗ ನಮಗೆ ಹಿಂದಿನ ಕಾಲ ಕಾಣುವುದಿಲ್ಲ. ಕನ್ನಡಿಯಲ್ಲಿ ನಮ್ಮ ಮುಖವೇ ಪೇಟ ತೊಟ್ಟು ಕಾಣುತ್ತದೆ.

ಎರಡನೆಯದು, ಗೂಟಗಳ ನಡುವಿನ ಖಾಲಿ ಜಾಗ. ಇದಕ್ಕೆ ಒಳ್ಳೆಯ ಉದಾಹರಣೆ ಕುಂಟ ಬಸವ. ಈ ಬಸವ ಕಲ್ಪನೆಯ ಪಾತ್ರವಲ್ಲ. ಕಾಲು ಕುಂಟಾಗಿದ್ದ, ರಾಜನಿಗೆ ಬಹಳ ಹತ್ತಿರದವನಾಗಿದ್ದ, ಕೆಳಗಿನ ಸ್ಥಿತಿಯಿಂದ ಮೇಲೆ ಬಂದು ಅಧಿಕಾರ ನಡೆಸಿದ ಬಸವನೊಬ್ಬ ನಿಜವಾಗಿಯೂ ಇದ್ದ. ಕಾದಂಬರಿಯಲ್ಲಿ ಮಾಸ್ತಿ ಅವನಿಗೆ ಒಂದು ಹುಟ್ಟಿನ ಗುಟ್ಟನ್ನು ಕೊಡುತ್ತಾರೆ. ಅವನು ಭಗವತಿ ಎಂಬವಳಲ್ಲಿ ಲಿಂಗರಾಜನಿಗೆ ಹುಟ್ಟಿದವನು, ಅಂದರೆ ರಾಜನ ಅಣ್ಣ. ಆದರೆ ಇದು ರಾಜನಿಗೂ ಗೊತ್ತಿಲ್ಲ, ಬಸವನಿಗೂ ಗೊತ್ತಿಲ್ಲ.

ಚರಿತ್ರೆಯ ಬರಹಗಳಲ್ಲಿ ಈ ಸಂಬಂಧವನ್ನು ನಾನು ಎಲ್ಲೂ ಕಂಡಿಲ್ಲ. ಹಾಗಾದರೆ ಇದು ಸುಳ್ಳೇ? ನನ್ನ ಮಟ್ಟಿಗೆ ಅಲ್ಲ. ಬಸವನ ತಂದೆ ಯಾರು ಎಂದು ಬರೆದಿಟ್ಟ ದಾಖಲೆಯನ್ನು ಮಾಸ್ತಿ ಅಳಿಸಿಲ್ಲ. ದಾಖಲೆ ಸುಮ್ಮನಿದ್ದ ಕಡೆ ಮಾತ್ರ ಅವರು ಮಾತಾಡಿದ್ದಾರೆ. ಆ ಒಂದು ಕಲ್ಪನೆ ಮಾಡುವ ಕೆಲಸವನ್ನೂ ನೋಡಿ. ಅಣ್ಣನ ಮಗಳ ಪಾಲಿನ ಸಿಂಹಾಸನವನ್ನು ಲಿಂಗರಾಜ ಹಿಡಿದದ್ದು ಚರಿತ್ರೆ. ಅದೇ ಲಿಂಗರಾಜ ತನ್ನ ಹಿರಿಯ ಮಗನನ್ನು ಆಳಿನ ಜಾಗಕ್ಕೆ ತಳ್ಳಿದ ಎನ್ನುವುದು ಕಲ್ಪನೆ. ಎರಡೂ ಸೇರಿದಾಗ ಆ ಮನೆತನ ತನ್ನವರನ್ನು ತಾನೇ ತಿನ್ನುತ್ತಾ ಬಂದಿತ್ತು ಎನ್ನುವುದು ಕಣ್ಣಿಗೆ ಕಟ್ಟುತ್ತದೆ. ಚರಿತ್ರೆ ಹೇಳುತ್ತಿದ್ದ ಮಾತನ್ನೇ ಕಲ್ಪನೆ ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ.

ಆದರೆ ಖಾಲಿ ಜಾಗ ಯಾವುದು, ಗೂಟ ಯಾವುದು ಎಂದು ಓದುವವರು ಎಚ್ಚರವಾಗಿರಬೇಕು. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. 1852ರಲ್ಲಿ ಲಂಡನ್ನಿಗೆ ಬಂದಾಗ ಗೌರಮ್ಮನಿಗೆ ಸುಮಾರು ಹನ್ನೊಂದು ವರ್ಷ. ಅಂದರೆ ಅವಳು ಹುಟ್ಟಿದ್ದು 1841ರ ಸುಮಾರಿಗೆ, ಕಾಶಿಯಲ್ಲಿ. ಕೊಡಗು ಬಿದ್ದದ್ದು 1834ರಲ್ಲಿ. ಹಾಗಿದ್ದಮೇಲೆ ರಾಜ ಆಳುತ್ತಿದ್ದಾಗ ಮಡಿಕೇರಿ ಅರಮನೆಯಲ್ಲಿ ಓಡಾಡುವ ರಾಜಕುಮಾರಿಯನ್ನು ಕಾದಂಬರಿಯಲ್ಲಿ ಕಂಡಾಗ, ಅವಳೇ ವಿಂಟರ್‌ಹಾಲ್ಟರನ ಚಿತ್ರದ ಹುಡುಗಿ ಎಂದುಕೊಳ್ಳುವ ಹಾಗಿಲ್ಲ. ನಮ್ಮ ತರಗತಿಯಲ್ಲೇ ಒಬ್ಬ ಹುಡುಗಿ ಹಾಗೆ ಜೋಡಿಸಿಕೊಂಡು ಬಹಳ ಸಂಭ್ರಮಪಟ್ಟಿದ್ದಳು. ಕಾದಂಬರಿ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂರುತ್ತದೆಂದರೆ, ಆಮೇಲೆ ಚರಿತ್ರೆಯ ಚಿತ್ರವನ್ನೂ ಅದರ ಕಣ್ಣಿನಿಂದಲೇ ನೋಡಿಬಿಡುತ್ತೇವೆ. ಎರಡು ಇಸವಿಗಳನ್ನು ಕಳೆದು ನೋಡಿದರೆ ಸಾಕು, ಭ್ರಮೆ ಹರಿಯುತ್ತದೆ.

ಇನ್ನೊಂದು ಮಾತನ್ನೂ ಮರೆಯಬಾರದು. ಗೂಟ ನೆಟ್ಟವರು ಯಾರು? ಹಳೆಯ ಕಾಲಕ್ಕೆ ನಿಷ್ಠರಾಗಿರಬೇಕು ಎಂದು ಹೇಳುವುದು ಸುಲಭ, ಆದರೆ ಆ ಹಳೆಯ ಕಾಲ ನಮಗೆ ಸಿಗುವುದು ಯಾರೋ ಬರೆದ ಕಾಗದದಲ್ಲಿ. ದೊಡ್ಡವೀರರಾಜೇಂದ್ರ ತನ್ನ ವಂಶದ ಚರಿತ್ರೆಯನ್ನು ‘ರಾಜೇಂದ್ರನಾಮೆ’ ಎಂದು ಕನ್ನಡದಲ್ಲಿ ಬರೆಸಿದ, ಅದು ರಾಜರ ಹೊಗಳಿಕೆ. ಚಿಕ್ಕವೀರನ ಕ್ರೌರ್ಯದ ವಿವರಗಳು ಹೆಚ್ಚಾಗಿ ಬರುವುದು ಕಂಪನಿಯ ಕಾಗದಗಳಿಂದ ಮತ್ತು ಮೋಗ್ಲಿಂಗ್ 1855ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ಕೂರ್ಗ್ ಮೆಮೊಯರ್ಸ್’ ಎಂಬ ಪುಸ್ತಕದಿಂದ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ ಪಾದ್ರಿ ಇದೇ ಮೋಗ್ಲಿಂಗ್. ಅವರು ಕೊಡಗಿನಲ್ಲಿ ನೆಲೆಸಿದ್ದು ರಾಜ ಹೋಗಿ ಎಷ್ಟೋ ವರ್ಷಗಳಾದ ಮೇಲೆ. ಕಂಪನಿಗಂತೂ ರಾಜ ಎಷ್ಟು ಕೆಟ್ಟವನಾದರೆ ಅಷ್ಟು ಅನುಕೂಲ, ಏಕೆಂದರೆ ರಾಜ್ಯ ತೆಗೆದುಕೊಂಡದ್ದಕ್ಕೆ ಅದೇ ಸಮರ್ಥನೆ.

1834ರ ಘೋಷಣೆಯನ್ನೇ ನೋಡಿ. ಕೊಡಗಿನ ಜನರೆಲ್ಲ ಒಮ್ಮತದಿಂದ ಕಂಪನಿಯ ಆಳ್ವಿಕೆ ಬೇಕೆಂದು ಬಯಸಿದ್ದಾರೆ, ಅದಕ್ಕಾಗಿ ಈ ನಾಡನ್ನು ಸೇರಿಸಿಕೊಳ್ಳುತ್ತಿದ್ದೇವೆ ಎನ್ನುವುದು ಅದರ ಸಾರಾಂಶ. ಇದು ನಿಜವಾದ ಕಾಗದ, ತಾರೀಖೂ ಇದೆ, ರುಜುವೂ ಇದೆ. ಆದರೆ ಕಾಗದ ನಿಜವಾದ ಮಾತ್ರಕ್ಕೆ ಅದರಲ್ಲಿರುವ ಮಾತೆಲ್ಲ ನಿಜವಾಗುತ್ತದೆಯೇ? ಈ ‘ಒಮ್ಮತ’ದ ಬಗ್ಗೆ ಇನ್ನೊಂದು ಸಂಗತಿಯನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ಈಗ ಮೂರನೆಯದಕ್ಕೆ, ಆ ಹುಡುಗನ ಪ್ರಶ್ನೆಯ ಹತ್ತಿರಕ್ಕೆ ಬರೋಣ. ಅವನು ಕೇಳಿದ ಪದ ‘ದೇಶದ್ರೋಹಿ’. ಆ ಪದವನ್ನೇ ಸ್ವಲ್ಪ ಕೈಯಲ್ಲಿ ಹಿಡಿದು ನೋಡಬೇಕು. 1834ರಲ್ಲಿ ಬೋಪಣ್ಣನಿಗೆ ಯಾವುದು ದೇಶ? ಇಂದು ನಾವು ಇಂಡಿಯಾ ಎನ್ನುವ ಅರ್ಥದಲ್ಲಿ ಅವನ ಮನಸ್ಸಿನಲ್ಲಿ ದೇಶ ಇರಲಿಲ್ಲ. ಇದ್ದದ್ದು ನಾಡು. ಅದರ ಮೇಲೆ ರಾಜ, ಅದರೊಳಗೆ ತಕ್ಕರು, ಒಕ್ಕಗಳು, ಅನ್ನದ ಋಣ. ಆ ಕಾಲ ಒಬ್ಬನ ಮೇಲೆ ಹೊರಿಸಬಹುದಾಗಿದ್ದ ದೊಡ್ಡ ಅಪವಾದ ಸ್ವಾಮಿದ್ರೋಹ, ಅಂದರೆ ಉಪ್ಪುಂಡ ಮನೆಗೆ ಎರಡು ಬಗೆಯುವುದು.

ಮಾಸ್ತಿಯವರ ಬೋಪಣ್ಣನ ಸಂಕಟ ಇರುವುದು ಇಲ್ಲಿಯೇ. ರಾಜನಿಗೆ ನಿಷ್ಠನಾಗಿದ್ದರೆ ನಾಡು ಹಾಳಾಗುತ್ತದೆ. ನಾಡಿಗೆ ನಿಷ್ಠನಾಗಬೇಕೆಂದರೆ ರಾಜನಿಗೆ ಎರಡು ಬಗೆಯಬೇಕು. ರಾಜ ಇಳಿಯಬೇಕು, ನಾಡು ಉಳಿಯಬೇಕು ಎಂದು ಅವನು ಬಯಸುತ್ತಾನೆ. ರಾಜನನ್ನು ಇಳಿಸುವುದಕ್ಕೆ ಹೊರಗಿನವರ ಕೈ ಹಿಡಿದ ಮೇಲೆ ನಾಡು ಅವರ ಕೈಗೇ ಹೋಗುತ್ತದೆ. ರಾಣಿ ಗೌರಮ್ಮನೂ ಹಿರಿಯ ಮಂತ್ರಿ ಲಕ್ಷ್ಮೀನಾರಾಯಣಯ್ಯನೂ ಇದೇ ಗಂಟನ್ನು ಬೇರೆ ಬೇರೆ ಕಡೆಯಿಂದ ಬಿಡಿಸಲು ನೋಡುತ್ತಾರೆ, ಯಾರಿಂದಲೂ ಆಗುವುದಿಲ್ಲ. ಈ ಜನ ತಮ್ಮ ಕಷ್ಟವನ್ನು ಧರ್ಮ, ಋಣ, ನಾಡು ಎನ್ನುವ ಮಾತುಗಳಲ್ಲೇ ಆಡುತ್ತಾರೆ. ರಾಷ್ಟ್ರ, ಪ್ರಜಾಪ್ರಭುತ್ವ, ಸ್ವಾತಂತ್ರ್ಯ ಹೋರಾಟ ಎಂದು ಭಾಷಣ ಮಾಡುವುದಿಲ್ಲ.

ನೀವು ಯಾವುದೇ ಐತಿಹಾಸಿಕ ಕಾದಂಬರಿ ಓದಿದರೂ, ಸಿನಿಮಾ ನೋಡಿದರೂ ಇದನ್ನು ಗಮನಿಸಿ. ಬಟ್ಟೆ, ಕತ್ತಿ, ಅರಮನೆ ಎಲ್ಲವನ್ನೂ ಸರಿಯಾಗಿ ತೋರಿಸಬಹುದು. ಆದರೆ ಇನ್ನೂರು ವರ್ಷದ ಹಿಂದಿನ ಮನುಷ್ಯ ನಿನ್ನೆಯ ಟಿವಿ ಚರ್ಚೆಯ ಮಾತನ್ನು ಆಡತೊಡಗಿದರೆ, ಅಲ್ಲಿ ಹಿಂದಿನ ಕಾಲ ಇಲ್ಲ. ಇಂದಿನ ಜಗಳಕ್ಕೆ ಸತ್ತವರನ್ನು ಸಾಕ್ಷಿಗೆ ಕರೆದಿದ್ದಾರೆ, ಅಷ್ಟೆ.

ಹಾಗಾದರೆ ಮಾಸ್ತಿ ತಮ್ಮ ಕಾಲದ ಬಗ್ಗೆ ಏನೂ ಹೇಳಲಿಲ್ಲವೇ? ಹೇಳಿದ್ದಾರೆ ಎಂದೇ ನನ್ನ ನಂಬಿಕೆ, ಆದರೆ ಪಾತ್ರಗಳ ಬಾಯಿಗೆ ತುರುಕಿ ಅಲ್ಲ. ಅವರು ಬರೆದ ಐತಿಹಾಸಿಕ ಕಾದಂಬರಿಗಳು ಎರಡು. 1949ರಲ್ಲಿ ಬಂದ ‘ಚೆನ್ನಬಸವನಾಯಕ’ ಬಿದನೂರು ಸಂಸ್ಥಾನ ಅಳಿದ ಕಥೆ. ಹೈದರಾಲಿ 1763ರಲ್ಲಿ ಅದನ್ನು ಗೆದ್ದ. 1956ರ ‘ಚಿಕವೀರ ರಾಜೇಂದ್ರ’ ಕೊಡಗು ಅಳಿದ ಕಥೆ. ದೇಶವೆಲ್ಲ ಹೊಸ ಸ್ವಾತಂತ್ರ್ಯದ ಸಂಭ್ರಮದಲ್ಲಿದ್ದಾಗ, ಮೈಸೂರು ಸರ್ಕಾರದಲ್ಲಿ ವರ್ಷಗಟ್ಟಲೆ ದೊಡ್ಡ ಅಧಿಕಾರಿಯಾಗಿದ್ದ ಈ ಹಿರಿಯರು ಎರಡು ಸಲವೂ ಆರಿಸಿಕೊಂಡದ್ದು ರಾಜ್ಯ ಕಳೆದುಕೊಂಡ ಕಥೆಯನ್ನು. ಎರಡರಲ್ಲೂ ಶತ್ರು ಬಾಗಿಲಿಗೆ ಬರುವ ಮೊದಲೇ ಮನೆ ಒಳಗಿನಿಂದ ಟೊಳ್ಳಾಗಿದೆ. ಆಳುವವನ ನಡತೆ ಕೆಟ್ಟರೆ, ಅವನನ್ನು ತಿದ್ದುವ ದಾರಿ ಮನೆಯೊಳಗೇ ಇಲ್ಲದಿದ್ದರೆ, ಜನ ಹೊರಗೆ ನೋಡುತ್ತಾರೆ. ಹೊಸದಾಗಿ ತಮ್ಮನ್ನು ತಾವೇ ಆಳಿಕೊಳ್ಳಲು ಹೊರಟ ಜನಕ್ಕೆ ಇದಕ್ಕಿಂತ ಹತ್ತಿರದ ಮಾತು ಇನ್ನೇನಿದೆ?

ರಾಜನನ್ನು ಹುತಾತ್ಮನನ್ನಾಗಿ ಮಾಡಿದ್ದರೆ ಈ ಮಾತು ಹೊರಡುತ್ತಲೇ ಇರಲಿಲ್ಲ. ಎಲ್ಲ ತಪ್ಪೂ ಬ್ರಿಟಿಷರದು, ಅವರು ಹೋದರು, ಇನ್ನು ನಮಗೇನು ಭಯ ಎಂದು ಓದುಗ ಪುಸ್ತಕ ಮುಚ್ಚಿ ನೆಮ್ಮದಿಯಾಗಿ ಮಲಗುತ್ತಿದ್ದ. ಹಿಂದಿನ ಕಾಲಕ್ಕೆ ನಿಷ್ಠರಾಗಿ ಉಳಿದದ್ದರಿಂದಲೇ ಮಾಸ್ತಿಯವರಿಗೆ ತಮ್ಮ ಕಾಲಕ್ಕೆ ಹೇಳಲು ಒಂದು ಮಾತು ಸಿಕ್ಕಿತು. ನಿಷ್ಠೆ ಒಂದು ಕಡೆ, ಇಂದಿನ ಬಗ್ಗೆ ಮಾತು ಇನ್ನೊಂದು ಕಡೆ ಎಂದು ತಕ್ಕಡಿಯಲ್ಲಿ ತೂಗುತ್ತೇವಲ್ಲ, ಒಳ್ಳೆಯ ಕಾದಂಬರಿಯಲ್ಲಿ ಅವು ಎರಡು ತಟ್ಟೆಗಳಲ್ಲ. ಮೊದಲನೆಯದು ಬೇರು, ಎರಡನೆಯದು ಕಾಯಿ.

1956ಕ್ಕೆ ಇನ್ನೊಂದು ಅರ್ಥವೂ ಇದೆ. ಅದೇ ವರ್ಷದ ನವೆಂಬರ್ 1ರಂದು, ಅಲ್ಲಿಯವರೆಗೆ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಸೇರಬೇಕು ಎನ್ನುವವರೂ ಬೇಡ ಎನ್ನುವವರೂ ಕೊಡಗಿನಲ್ಲಿ ಇದ್ದರು. ಮಾಸ್ತಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದರು ಎಂದು ನಾನು ಹೇಳುವುದಿಲ್ಲ. ಆದರೆ ಆ ವರ್ಷ ಮಡಿಕೇರಿಯಲ್ಲಿ ಕೂತು, ಕೊಡಗು ಇನ್ನೊಬ್ಬರ ಕೈಗೆ ಹೋದ ಕಥೆಯನ್ನು ಮೈಸೂರಿನ ಲೇಖಕರೊಬ್ಬರು ಬರೆದ ಕನ್ನಡ ಪುಸ್ತಕದಲ್ಲಿ ಓದಿದವರಿಗೆ ಅದು ಬರೀ 1834ರ ಕಥೆಯಾಗಿ ಕಂಡಿರಲಾರದು. ಕಾದಂಬರಿಯ ‘ಇಂದು’ ಬರೆದವರ ಕೈಯಲ್ಲಿ ಮಾತ್ರ ಇರುವುದಿಲ್ಲ, ಓದುವವರ ಕೈಯಲ್ಲೂ ಇರುತ್ತದೆ. ಆ ಹುಡುಗನ ಪ್ರಶ್ನೆಯೂ ಅಂಥದ್ದೇ. ‘ದೇಶದ್ರೋಹಿ’ ಎಂಬ ಪದ ಬೋಪಣ್ಣನ ಕಾಲದಿಂದ ಬಂದದ್ದಲ್ಲ, ಮಾಸ್ತಿಯವರಿಂದ ಬಂದದ್ದೂ ಅಲ್ಲ. ಅದು ಅವನ ಫೋನಿನಿಂದ ಬಂದದ್ದು.

ಈಗ ‘ಒಮ್ಮತ’ದ ವಿಷಯ. ಮಾಸ್ತಿಯವರ ಮುಖ್ಯ ಕಥೆ 1834ರಲ್ಲಿ ರಾಜ ಕೊಡಗು ಬಿಡುವುದರೊಂದಿಗೆ ಮುಗಿಯುತ್ತದೆ. ಆದರೆ ಕೊಡಗಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ರಾಜರ ಕಾಲದಲ್ಲಿ ಕೊಡಗಿಗೆ ಸೇರಿದ್ದ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕಂಪನಿ ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯ ರೈತರು ಅದುವರೆಗೆ ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು, ಕಂಪನಿ ನಗದು ಕೇಳಿತು. 1837ರಲ್ಲಿ ಆ ರೈತರು ದಂಗೆ ಎದ್ದರು. ಹಾಲೇರಿ ವಂಶದ ಕಲ್ಯಾಣಸ್ವಾಮಿ ಎಂದು ಹೇಳಿಕೊಂಡ ಒಬ್ಬನನ್ನು ಮುಂದಿಟ್ಟುಕೊಂಡು ಮಂಗಳೂರಿನವರೆಗೂ ನಡೆದು, ಅಲ್ಲಿಯ ಬಾವುಟಗುಡ್ಡದ ಮೇಲೆ ತಮ್ಮ ಬಾವುಟ ಹಾರಿಸಿದರು. ಸುಮಾರು ಎರಡು ವಾರ ಊರು ಅವರ ಕೈಯಲ್ಲಿತ್ತು. ಆಮೇಲೆ ಕಂಪನಿಯ ಸೈನ್ಯ ದಂಗೆಯನ್ನು ಮುರಿಯಿತು. ಮುಂದಾಳುಗಳಲ್ಲಿ ಒಬ್ಬನಾದ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ದಂಗೆಯ ಕಾಲದಲ್ಲಿ ತನ್ನ ಪರವಾಗಿ ನಿಂತ ಕೊಡವರಿಗೆ ಕಂಪನಿ ಪದಕಗಳನ್ನು ಕೊಟ್ಟಿತು. ದಿವಾನ ಬೋಪಣ್ಣ ಆಗಲೂ ಕಂಪನಿಯ ಕಡೆಯೇ ಇದ್ದ.

ಒಮ್ಮತ ಎಂದು ಬರೆದ ಕಾಗದಕ್ಕೆ ಮೂರೇ ವರ್ಷದಲ್ಲಿ ಬಂದ ಉತ್ತರ ಇದು. ಈ ದಂಗೆಯ ಮೇಲೂ ಕನ್ನಡದಲ್ಲಿ ಒಂದು ಕಾದಂಬರಿ ಇದೆ, ನಿರಂಜನರ ‘ಕಲ್ಯಾಣಸ್ವಾಮಿ’. ನಿರಂಜನರು ಹುಟ್ಟಿದ ಕುಳಕುಂದ ಅದೇ ಸೀಮೆಯ ಹಳ್ಳಿ, ಸುಬ್ರಹ್ಮಣ್ಯದ ಹತ್ತಿರ. ಅವರು ಪ್ರಗತಿಶೀಲ ಲೇಖಕರು, ರೈತರ ಹೋರಾಟಗಳ ಬಗ್ಗೆ ಬರೆದವರು.

ಈ ಎರಡು ಕಾದಂಬರಿಗಳನ್ನು ಪಕ್ಕ ಪಕ್ಕ ಇಟ್ಟರೆ ನಾಲ್ಕನೆಯ ಸಂಗತಿ ಕಾಣುತ್ತದೆ, ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು ಅದೇ. ಒಂದು ಗೂಟವನ್ನೂ ಕೀಳದೆ, ಒಂದು ಸುಳ್ಳನ್ನೂ ಹೇಳದೆ, ಬರೀ ಕಥೆಯನ್ನು ಎಲ್ಲಿ ಶುರು ಮಾಡಿ ಎಲ್ಲಿ ನಿಲ್ಲಿಸುತ್ತೀರಿ ಎನ್ನುವುದರಿಂದಲೇ ಅದರ ಅರ್ಥ ಬದಲಾಗುತ್ತದೆ. 1834ರಲ್ಲಿ ನಿಲ್ಲಿಸಿದರೆ ಅದು ಅರಮನೆಯ ಕಥೆ. ಕೆಟ್ಟ ರಾಜ, ಸಂಕಟದ ಮಂತ್ರಿ, ಕಾಯುತ್ತಾ ಕೂತ ಕಂಪನಿ. 1837ರಲ್ಲಿ ಶುರು ಮಾಡಿದರೆ ಅದು ಗದ್ದೆಯ ಕಥೆ. ಕಂದಾಯ ಕಟ್ಟಲಾರದ ರೈತ, ಅವನಿಗೆ ನೆನಪಾಗುವ ಹಳೆಯ ರಾಜವಂಶ. ಅರಮನೆಯ ಒಳಗಿದ್ದವರಿಗೆ ಹಾಲೇರಿ ವಂಶ ಕೊಲೆಗಾರರ ಮನೆ, ಸುಳ್ಯದ ರೈತನಿಗೆ ಅದು ಬೆಳೆಯಲ್ಲೇ ಕಂದಾಯ ಕೊಡಬಹುದಾಗಿದ್ದ ಕಾಲ. ಮಾಸ್ತಿಯವರಿಗೆ ಆಡಳಿತ ಕಂಡಿತು, ನಿರಂಜನರಿಗೆ ರೈತ ಕಂಡ. ಇಬ್ಬರೂ ತಮ್ಮ ತಮ್ಮ ಕಾಲದ ಪ್ರಶ್ನೆಯನ್ನು ಹಿಡಿದೇ ಹಿಂದಕ್ಕೆ ಹೋದವರು. ಒಬ್ಬರನ್ನು ಮಾತ್ರ ಓದಿದವರಿಗೆ ಅರ್ಧ ಕೊಡಗು ಮಾತ್ರ ಗೊತ್ತಾಗುತ್ತದೆ.

ಹೀಗಾಗಿ ಮುಂದಿನ ಭಾನುವಾರ ಆ ಹುಡುಗನ ಹತ್ತಿರ ಕೂತು ಹೇಳಿದೆ: “ಮಗಾ, ಬೋಪಣ್ಣ ಕಂಪನಿಯ ಕಡೆ ಹೋದದ್ದು ನಿಜ. ಅದನ್ನು ಮಾಸ್ತಿ ಹುಟ್ಟಿಸಿದ್ದಲ್ಲ, ನಿಮ್ಮ ತಾತ ಬೈದರೂ ಅದು ಅಳಿಸಿಹೋಗಲ್ಲ. ಯಾಕೆ ಹೋದ ಅನ್ನೋದನ್ನ ಅವನು ಬರೆದಿಟ್ಟು ಹೋಗಿಲ್ಲ. ಆ ಜಾಗದಲ್ಲಿ ಮಾಸ್ತಿ ಒಬ್ಬ ಒದ್ದಾಡೋ ಮನುಷ್ಯನನ್ನ ಕೂರಿಸಿದ್ದಾರೆ. ಅವನಿಗೆ ದ್ರೋಹಿ ಅಂತ ಹಣೆಪಟ್ಟಿ ಹಚ್ಚಿಲ್ಲ. ‘ದೇಶದ್ರೋಹಿ’ ಅನ್ನೋ ಪದ ಅವನ ಕಾಲದ್ದಲ್ಲ. ಸ್ವಾಮಿದ್ರೋಹನಾ ಅಂತ ಕೇಳು, ಹೌದು ಅನ್ನಬಹುದು. ನಾಡಿಗೆ ದ್ರೋಹ ಮಾಡಿದನಾ ಅಂತ ಕೇಳಿದರೆ ಮಡಿಕೇರಿಯವರು ಒಂದು ಹೇಳ್ತಾರೆ, ಸುಳ್ಯದವರು ಇನ್ನೊಂದು ಹೇಳ್ತಾರೆ.”

ಅವನು ಸ್ವಲ್ಪ ಹೊತ್ತು ಯೋಚನೆ ಮಾಡಿ, “ಹಾಗಾದ್ರೆ ತಾತನ ಹತ್ತಿರ ಕೇಳಬಹುದಾ?” ಎಂದ. ಕೇಳು ಎಂದೆ. ಬೋಪಣ್ಣನ ಬಗ್ಗೆ ಮಾತ್ರವಲ್ಲ, ತಾತ ಚಿಕ್ಕವರಿದ್ದಾಗ ಮನೆಯಲ್ಲಿ ಆ ರಾಜನ ಬಗ್ಗೆ ಏನು ಹೇಳುತ್ತಿದ್ದರು ಎಂದೂ ಕೇಳು ಎಂದೆ. ಅವರು ಹೇಳಿದ್ದು ಚರಿತ್ರೆಯೇ ಆಗಬೇಕಾಗಿಲ್ಲ. ಆದರೆ ಮಾಸ್ತಿ, ಮೋಗ್ಲಿಂಗ್, ಕಂಪನಿಯ ಕಾಗದ ಇವು ಯಾವುದರಲ್ಲೂ ಸಿಗದ ಒಂದು ಮಾತು ಅದರಲ್ಲಿ ಇರಬಹುದು.